ವೃತ್ತವೇಕೆ ಅಂಡಾಕಾರವಾಯಿತು?

ಸಣ್ಣ ಚಿತ್ರವೊಂದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕಾದ ಚಿತ್ರಕಾರನು ಮೊದಲು ಆ ಚಿತ್ರದ ಮೇಲೆ ಸಮನಾದ ಚೌಕದ ಮನೆಗಳನ್ನು ಎಳೆದುಕೊಳ್ಳುತ್ತಾನೆ. ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಮನೆಗಳನ್ನು ಎಳೆಯುತ್ತಾನೆ. ಅನಂತರ ಒಂದೊಂದು ಮನೆಯಲ್ಲಿರುವುದನ್ನು ಗೋಡೆಯ ಮೇಲಿನ ಅದೇ ಸ್ಥಾನದ ಮನೆಗೆ ಇಳಿಸುತ್ತಾನೆ. ಗೋಡೆಯ ಮನೆಗಳು ಚೌಕವಾಗಿರದೆ ಅಡ್ಡಕ್ಕೆ ಉದ್ದವಾಗಿದ್ದರೆ, ಕೈ ಎಷ್ಟೇ ನುರಿತದ್ದಾಗಿರಲಿ, ದುಂಡುಮುಖವು ಅಗಲಮುಖವಾಗಿಬಿಡುತ್ತದೆ. ಗಣಕಯಂತ್ರದಲ್ಲಿ ಚಿತ್ರ ಬರೆಯುವವರನ್ನು ಕಾಡುವ ಒಂದು ದೋಷದ ಮೂಲವೂ ಇದೇ ಆಗಿದೆ.

ಗಣಕಯಂತ್ರದಲ್ಲಿ ಚಿತ್ರ ಬರೆಯಲು ಗ್ರಾಫಿಕ್ಸ್ ಟ್ಯಾಬ್ಲೆಟ್ ಎಂಬ ಚಪ್ಪಟೆಯಾದ ಫಲಕವನ್ನು ಬಳಸುತ್ತಾರೆ. ಅದರ ಮೇಲೆ ಲೇಖನಿಯು ಚಲಿಸಿದಂತೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಫಲಕದಲ್ಲಿ ಲೇಖನಿಯ ಸ್ಥಾನವನ್ನು ಗುರುತಿಸಬಲ್ಲ ಭಾಗಕ್ಕೆ ಸಕ್ರಿಯ ಕ್ಷೇತ್ರವೆಂದು ಹೆಸರು. ಮೌಸ್ ಎಷ್ಟು ದೂರ ಸರಿಯಿತೆಂಬುದನ್ನು ಮಾತ್ರ ತಿಳಿಸುತ್ತದೆ. ಲೇಖನಿಯಾದರೋ ತಾನು ಎಲ್ಲಿದೆಯೆಂಬುದನ್ನೇ ತಿಳಿಸುತ್ತದೆ. ಕ್ಷೇತ್ರದ ಎಡ ಮೇಲ್ಮೂಲೆಯು ಪರದೆಯ ಎಡ ಮೇಲ್ಮೂಲೆಗೂ, ಬಲ ಕೆಳಮೂಲೆಯು ಪರದೆಯ ಬಲ ಕೆಳಮೂಲೆಗೂ ಹೊಂದಿಕೊಳ್ಳುತ್ತವೆ. ಈ ಹೊಂದಿಕೆಯನ್ನು ನಡೆಸುವುದು ಡ್ರೈವರ್ ಎಂಬ ತಂತ್ರಾಂಶ. ಫಲಕ ಮತ್ತು ಪರದೆಗಳ ಆಕಾರ ಬೇರೆ ಬೇರೆಯಾಗಿದ್ದರೆ, ಒಂದನ್ನು ಇನ್ನೊಂದರ ತುಂಬ ಹರಡುವ ಭರದಲ್ಲಿ ಅದು ಚಿತ್ರವನ್ನೇ ಹಿಗ್ಗಿಸುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಹಳೆಯ ಫಲಕವೊಂದರ ಸಕ್ರಿಯ ಕ್ಷೇತ್ರವು 200 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಎತ್ತರವಿದೆ. ಪರದೆಗಳ ಅಗಲ ಎತ್ತರಗಳು 4:3ರ ಪ್ರಮಾಣದಲ್ಲಿದ್ದ ಕಾಲಕ್ಕೆ ಅದು ತಕ್ಕುದಾಗಿತ್ತು. ಈಗ ಅದನ್ನು 16:9ರ ಅಗಲವಾದ ಪರದೆಗೆ ಜೋಡಿಸಲಾಗಿದೆ. ಈ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳು, ಎಂದರೆ ಬೆಳಕಿನ ಚುಕ್ಕೆಗಳು, ಇವೆ. ಲೇಖನಿಯು ಅಡ್ಡಕ್ಕೆ ಒಂದು ಮಿಲಿಮೀಟರ್ ಸರಿದರೆ ಗೆರೆಯು 9.6 ಚುಕ್ಕೆಗಳಷ್ಟು ಸಾಗುತ್ತದೆ. ಮೇಲಕ್ಕೆ ಅಷ್ಟೇ ಸರಿದರೆ 7.2 ಚುಕ್ಕೆಗಳಷ್ಟು ಮಾತ್ರ. ಫಲಕದ ಮೇಲೆ 60 ಮಿಲಿಮೀಟರ್ ಒಳವ್ಯಾಸದ ಬಳೆಯನ್ನಿಟ್ಟು ಅದರ ಒಳಅಂಚಿನಗುಂಟ ಲೇಖನಿಯನ್ನು ಸುತ್ತಿಸಿದರೆ, ಪರದೆಯಲ್ಲಿ 576 ಚುಕ್ಕೆ ಅಗಲ, 432 ಚುಕ್ಕೆ ಎತ್ತರದ ಅಂಡಾಕಾರವು ಮಲಗಿರುತ್ತದೆ. ಕೆಡುವುದು ವೃತ್ತವೊಂದೇ ಅಲ್ಲ. 45 ಡಿಗ್ರಿಯಲ್ಲಿ ಎಳೆದ ಓರೆಗೆರೆಯು ಸುಮಾರು 37 ಡಿಗ್ರಿಗೆ ಬಾಗಿಬಿಡುತ್ತದೆ.

ದೋಷವು ಫಲಕದ ಹೊಂದಿಕೆಯದೋ ಪರದೆಯದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಚಿತ್ರ ಬರೆಯುವ ತಂತ್ರಾಂಶದಲ್ಲಿ ತಾನಾಗಿಯೇ ವೃತ್ತವನ್ನು ರಚಿಸುವ ಸಾಧನವಿರುತ್ತದೆ. ಅಗಲ ಎತ್ತರಗಳೆರಡೂ 400 ಚುಕ್ಕೆಗಳಿರುವ ವೃತ್ತವೊಂದನ್ನು ಅದರಿಂದ ರಚಿಸಿ, ಪರದೆಗೆ ಅಳತೆಪಟ್ಟಿಯನ್ನು ಹಿಡಿದು ಅಳೆಯಬೇಕು. ಈ ವೃತ್ತವೂ ಅಂಡಾಕಾರವಾಗಿ ಕಂಡರೆ ಪರದೆಯ ಚುಕ್ಕೆಗಳ ಸಂಖ್ಯೆಯನ್ನೇ ತಪ್ಪಾಗಿ ಗೊತ್ತುಪಡಿಸಲಾಗಿದೆಯೆಂದು ತಿಳಿಯಬೇಕು. ಇದು ದುಂಡಾಗಿದ್ದು, ಬಳೆಯ ಗುರುತು ಮಾತ್ರ ಅಂಡಾಕಾರವಾಗಿದ್ದರೆ ತಪ್ಪು ಹೊಂದಿಕೆಯದೇ.

ಪರಿಹಾರವು ಸರಳವಾದುದು. ಫಲಕದ ಪೂರ್ಣ ಎತ್ತರವನ್ನು ಬಳಸದೆ, ಅಗಲದ 16 ಭಾಗಗಳಿಗೆ ಎತ್ತರದ 9 ಭಾಗಗಳಂತೆ ಲೆಕ್ಕ ಹಾಕಬೇಕು. 200 ಮಿಲಿಮೀಟರ್ ಅಗಲಕ್ಕೆ 112.5 ಮಿಲಿಮೀಟರ್ ಎತ್ತರ ಬರುತ್ತದೆ. ಆಗ ಮೇಲಕ್ಕೂ ಮಿಲಿಮೀಟರಿಗೆ 9.6 ಚುಕ್ಕೆಗಳೇ ಆಗಿ ವೃತ್ತವು ವೃತ್ತವಾಗಿಯೇ ಉಳಿಯುತ್ತದೆ. ಕೆಲವು ಡ್ರೈವರುಗಳಲ್ಲಿ `Force Proportions` ಎಂಬುದನ್ನು ಆರಿಸಿದರೆ ಈ ಲೆಕ್ಕವು ತಾನಾಗಿಯೇ ನಡೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಫಲಕದ ಕಾಲುಭಾಗ: 37.5 ಮಿಲಿಮೀಟರಿನ ಪಟ್ಟಿಯೊಂದು ನಿರುಪಯುಕ್ತವಾಗುತ್ತದೆ. ಒಂದರ ಪಕ್ಕದಲ್ಲೊಂದು ಎರಡು ಪರದೆಗಳನ್ನು ಇರಿಸಿಕೊಂಡವರು ಮತ್ತೊಂದು ಎಚ್ಚರಿಕೆಯನ್ನು ವಹಿಸಬೇಕು. ಫಲಕವು ಎರಡನ್ನೂ ಆವರಿಸಿದರೆ ಅಡ್ಡಕ್ಕೆ 3840 ಚುಕ್ಕೆಗಳಾಗಿ, ಸರಿಪಡಿಸಿದ ವೃತ್ತವೂ ಎತ್ತರದ ಇಮ್ಮಡಿ ಅಗಲವಾಗುತ್ತದೆ. ಆಗ ಚಿತ್ರ ಬರೆಯುವ ಒಂದೇ ಪರದೆಗೆ ಫಲಕವನ್ನು ಗೊತ್ತುಪಡಿಸಬೇಕು.

ಈ ದೋಷವು ಬಹುಕಾಲ ಗಮನಕ್ಕೆ ಬಾರದಿರುವುದಕ್ಕೂ ಕಾರಣವಿದೆ. ಚಿತ್ರ ಬರೆಯುವವನ ಕಣ್ಣು ಫಲಕದ ಮೇಲಿರುವುದಿಲ್ಲ, ಪರದೆಯ ಮೇಲಿರುತ್ತದೆ. ಅಲ್ಲಿ ವೃತ್ತವು ಅಗಲವಾಗಿ ಕಂಡಾಗ ಕೈಯು ಅರಿವಿಲ್ಲದೆಯೇ ಫಲಕದ ಮೇಲೆ ನೀಳವಾದ ಅಂಡಾಕಾರವನ್ನು ಬರೆಯಲು ಕಲಿಯುತ್ತದೆ. ಪರದೆಯ ಚಿತ್ರವು ಸರಿಯಾಗುತ್ತದೆ. ಕೈಯ ಅಭ್ಯಾಸವು ಕೆಡುತ್ತದೆ. ಅಂಥವನು ಕಾಗದದ ಮೇಲೆ ಬರೆಯಲು ಕುಳಿತಾಗ ವೃತ್ತವು ನೀಳವಾಗಬಹುದು. ಹೊಂದಿಕೆಯನ್ನು ಸರಿಪಡಿಸಿದ ಮೇಲೂ ಕೆಲಕಾಲ ಅವನ ಗೆರೆಗಳು ತಪ್ಪುತ್ತವೆ. ಆಗ ಹಳೆಯ ಹೊಂದಿಕೆಯೇ ಸರಿಯಾಗಿತ್ತೆಂದು ಭ್ರಮಿಸಿ ಅದಕ್ಕೆ ಹಿಂದಿರುಗುವುದುಂಟು. ಆದುದರಿಂದ ಹೊಸ ಫಲಕವನ್ನಾಗಲಿ ಹೊಸ ಪರದೆಯನ್ನಾಗಲಿ ಜೋಡಿಸಿದ ದಿನವೇ ಬಳೆಯ ಪರೀಕ್ಷೆಯನ್ನು ಮಾಡಿ, ಕೈಯು ತಪ್ಪನ್ನು ಕಲಿಯುವ ಮೊದಲೇ ಯಂತ್ರದ ತಪ್ಪನ್ನು ತಿದ್ದಬೇಕು.