ರಿಯಾಯಿತಿಗೆ ಸಹಿ ಹಾಕಬೇಕಾದವರು ಯಾರು?

ಪಟ್ಟಿ ಬೆಲೆಯಲ್ಲಿ ಶೇ 10ರಷ್ಟು ರಿಯಾಯಿತಿ ಕೊಟ್ಟರೆ ಲಾಭದಲ್ಲೂ ಅಷ್ಟೇ ಕಡಿಮೆಯಾಗುತ್ತದೆ ಎಂಬ ಎಣಿಕೆ ತಪ್ಪು. ಸಣ್ಣ ಕಾರ್ಖಾನೆಗಳಿಗೆ ಏರ್ ಕಂಪ್ರೆಸರ್ ಮಾರುವ ಒಂದು ಕಂಪನಿ ಇದೆ ಎಂದುಕೊಳ್ಳೋಣ. ಯಂತ್ರದ ಪಟ್ಟಿ ಬೆಲೆ 5 ಲಕ್ಷ ರೂಪಾಯಿ, ಕಂಪನಿಗೆ ಬೀಳುವ ವೆಚ್ಚ 3.75 ಲಕ್ಷ. ಉಳಿಯುವ ಮಾರ್ಜಿನ್ 1.25 ಲಕ್ಷ. ಗಿರಾಕಿಗೆ 50,000 ರೂಪಾಯಿ ಬಿಟ್ಟುಕೊಟ್ಟರೆ ಯಂತ್ರದ ವೆಚ್ಚವೇನೂ ಇಳಿಯುವುದಿಲ್ಲ. ಅಷ್ಟೂ ಹಣ ಮಾರ್ಜಿನ್‌ನಿಂದಲೇ ಹೋಗಿ 75,000 ಮಾತ್ರ ಉಳಿಯುತ್ತದೆ. ಮೂರು ಯಂತ್ರ ಮಾರಿ ಗಳಿಸುತ್ತಿದ್ದ ಲಾಭಕ್ಕೆ ಈಗ ಐದು ಯಂತ್ರ ಮಾರಬೇಕು.

ಮಾರಾಟ ಪ್ರತಿನಿಧಿಯ ಲೆಕ್ಕ ಬೇರೆ. ಅವರಿಗೆ ಮಾರಾಟದ ಮೊತ್ತದ ಮೇಲೆ ಶೇ 2 ಕಮಿಷನ್ ಇದ್ದರೆ, ಪೂರ್ತಿ ಬೆಲೆಗೆ ಮಾರಿದಾಗ 10,000 ರೂಪಾಯಿ, ರಿಯಾಯಿತಿ ಕೊಟ್ಟು ಮಾರಿದಾಗ 9,000 ರೂಪಾಯಿ ಸಿಗುತ್ತದೆ. ಕಂಪನಿ 50,000 ಕಳೆದುಕೊಂಡಾಗ ಅವರು ಕಳೆದುಕೊಳ್ಳುವುದು ಒಂದು ಸಾವಿರ. ಆರ್ಡರ್ ಕೈತಪ್ಪಿದರೆ ಹತ್ತು ಸಾವಿರವೂ ಹೋಯಿತು, ಟಾರ್ಗೆಟ್ಟೂ ಹೋಯಿತು. ಹೀಗಿರುವಾಗ ಗಿರಾಕಿ ಕೇಳುವ ಮೊದಲೇ ಬೆಲೆ ಇಳಿಸುವವರನ್ನು ಸೋಮಾರಿ ಎಂದೋ ಅಪ್ರಾಮಾಣಿಕ ಎಂದೋ ಜರೆಯುವುದು ಅನ್ಯಾಯ. ಕಂಪನಿಯೇ ಹಾಕಿಕೊಟ್ಟ ಲೆಕ್ಕದ ಪ್ರಕಾರ ಅವರು ನಡೆಯುತ್ತಿದ್ದಾರೆ.

ಇದು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಅರ್ಥಶಾಸ್ತ್ರಜ್ಞ ಇಯಾನ್ ಲಾರ್ಕಿನ್ ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ವ್ಯವಹಾರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಅಲ್ಲಿ ತ್ರೈಮಾಸಿಕದೊಳಗೆ ಮಾರಾಟ ಹೆಚ್ಚಿದಂತೆ ಕಮಿಷನ್‌ನ ದರವೂ ಏರುತ್ತಿತ್ತು. ಪ್ರತಿನಿಧಿಗಳು ತಮಗೆ ಹೆಚ್ಚು ಲಾಭವಾಗುವ ತ್ರೈಮಾಸಿಕಕ್ಕೆ ಒಪ್ಪಂದಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಗಿರಾಕಿಯನ್ನು ಅದಕ್ಕೆ ಒಪ್ಪಿಸಲು ಬೆಲೆ ಇಳಿಸುತ್ತಿದ್ದರು. ಹೀಗೆ ಇಳಿಸಿದ ಬೆಲೆಯಿಂದ ಕಂಪನಿಗೆ ಆದ ನಷ್ಟ ಆದಾಯದ ಶೇ 6ರಿಂದ 8ರಷ್ಟು ಎಂದು ಲಾರ್ಕಿನ್ ಅಂದಾಜಿಸಿದರು.

ಇದನ್ನು ತಡೆಯಲು ಬಳಕೆಯಲ್ಲಿರುವ ಕ್ರಮ ಹಂತ ಹಂತದ ಅನುಮೋದನೆ. ಶೇ 5ರವರೆಗೆ ಪ್ರತಿನಿಧಿಯೇ ಕೊಡಬಹುದು, ಶೇ 15ರವರೆಗೆ ಮ್ಯಾನೇಜರ್, ಅದಕ್ಕೂ ಮೇಲೆ ಎಂ.ಡಿ. ಎಂಬಂಥ ಪಟ್ಟಿ ಬಹಳ ಕಂಪನಿಗಳಲ್ಲಿದೆ. ಓದಲು ಸುಲಭವಾದ ಈ ಪಟ್ಟಿಯಲ್ಲಿ ಒಂದು ದೊಡ್ಡ ತೂತಿದೆ: ಬೆಲೆಯಲ್ಲಿ ಬಿಟ್ಟಿದ್ದನ್ನು ಮಾತ್ರ ಇದು ಎಣಿಸುತ್ತದೆ.

ಅದೇ ಕಂಪ್ರೆಸರ್‌ಗೆ ಬಂದ ಒಂದು ಬೇಡಿಕೆಯನ್ನು ನೋಡಬಹುದು. ಗಿರಾಕಿ ಕೇಳಿದ್ದು ಶೇ 12 ರಿಯಾಯಿತಿ, ಅಂದರೆ 60,000 ರೂಪಾಯಿ. ಜೊತೆಗೆ ಸಾಗಣೆ ಮತ್ತು ಅಳವಡಿಕೆ ಉಚಿತವಾಗಿರಬೇಕು; ಅದರ ಖರ್ಚು 12,000. ಹಣ ಪಾವತಿಗೆ 60 ದಿನ ಕಾಲಾವಕಾಶ ಬೇಕು. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ 4.4 ಲಕ್ಷಕ್ಕೆ ಸುಮಾರು 8,700 ರೂಪಾಯಿ ಆಗುತ್ತದೆ. ವಾರಂಟಿ ಇನ್ನೊಂದು ವರ್ಷ ಬೇಕು. ಸರ್ವಿಸ್ ವಿಭಾಗದ ಅನುಭವದ ಪ್ರಕಾರ ಒಂದು ಯಂತ್ರಕ್ಕೆ ಸರಾಸರಿ 10,000. ಎಲ್ಲ ಕೂಡಿಸಿದರೆ 90,700. ಕಾಗದದ ಮೇಲೆ ಇದು ಶೇ 12ರ ರಿಯಾಯಿತಿಯಾದ್ದರಿಂದ ಮ್ಯಾನೇಜರ್ ಸಹಿಯೇ ಸಾಕು. ನಿಜದಲ್ಲಿ ಬಿಟ್ಟುಕೊಟ್ಟದ್ದು ಶೇ 18ಕ್ಕೂ ಹೆಚ್ಚು, 1.25 ಲಕ್ಷದ ಮಾರ್ಜಿನ್‌ನಲ್ಲಿ ಉಳಿದದ್ದು 34,300.

ಆದ್ದರಿಂದ ಅಧಿಕಾರದ ಗೆರೆಯನ್ನು ಎಷ್ಟು ಬಿಟ್ಟೆವು ಎಂಬುದರ ಮೇಲಲ್ಲ, ಎಲ್ಲ ಕಳೆದು ಎಷ್ಟು ಉಳಿಯಿತು ಎಂಬುದರ ಮೇಲೆ ಎಳೆಯಬೇಕು. ಒಂದು ಲಕ್ಷ ಉಳಿಯುವವರೆಗೆ ಪ್ರತಿನಿಧಿಯ ತೀರ್ಮಾನವೇ ಅಂತಿಮ. 75,000ದವರೆಗೆ ಮ್ಯಾನೇಜರ್, 50,000ದವರೆಗೆ ಮ್ಯಾನೇಜರ್ ಜೊತೆ ಹಣಕಾಸು ವಿಭಾಗ, ಅದಕ್ಕೂ ಕೆಳಗಾದರೆ ಎಂ.ಡಿ. ಈ ಪಟ್ಟಿಯ ಪ್ರಕಾರ ಮೇಲಿನ ಬೇಡಿಕೆ ನೇರ ಎಂ.ಡಿ. ಮೇಜಿಗೆ ಹೋಗುತ್ತದೆ. ಬಿಡಿಭಾಗಗಳಿಗೆ ಮಾರ್ಜಿನ್ ಜಾಸ್ತಿ, ಯಂತ್ರಕ್ಕೆ ಕಡಿಮೆ ಇರುವ ಕಂಪನಿಗಳಲ್ಲಿ ಒಂದೊಂದು ಬಗೆಯ ಸರಕಿಗೂ ಒಂದೊಂದು ಗೆರೆ ಬೇಕಾಗುತ್ತದೆ.

ಅನುಮೋದನೆ ಕೇಳುವ ನಮೂನೆಯಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ಇದಕ್ಕೆ ಬದಲಾಗಿ ಗಿರಾಕಿ ಏನು ಕೊಡುತ್ತಾರೆ? ಅರ್ಧ ಹಣ ಮುಂಗಡವೇ, ಎರಡನೇ ಯಂತ್ರದ ಆರ್ಡರೇ, ವಾರ್ಷಿಕ ನಿರ್ವಹಣಾ ಒಪ್ಪಂದವೇ? ‘ಏನೂ ಇಲ್ಲ’ ಎಂದು ಬರೆಯಬೇಕಾಗಿ ಬಂದರೆ ಪ್ರತಿನಿಧಿ ಗಿರಾಕಿಯ ಬಳಿಗೆ ಇನ್ನೊಮ್ಮೆ ಹೋಗುತ್ತಾರೆ. ಕಂಪ್ರೆಸರ್ ಪ್ರಕರಣದಲ್ಲಿ ಹೀಗೆ ಮತ್ತೆ ಮಾತಾಡಿದಾಗ ಅರ್ಧ ಮುಂಗಡ, ಉಳಿದದ್ದು ಯಂತ್ರ ಕೈಸೇರಿದ ದಿನ ಎಂಬ ಷರತ್ತಿಗೆ ಶೇ 7ರ ರಿಯಾಯಿತಿ, ಉಚಿತ ಸಾಗಣೆ ಮತ್ತು ಅಳವಡಿಕೆಗೆ ಗಿರಾಕಿ ಒಪ್ಪಿದರು ಎಂದಿಟ್ಟುಕೊಂಡರೆ, ಹೋದದ್ದು 47,000, ಉಳಿದದ್ದು 78,000. ಇದಕ್ಕೆ ಮ್ಯಾನೇಜರ್ ಸಹಿ ಸಾಕು.

ಕಮಿಷನ್ ಮಾತ್ರ ಹಳೆಯದೇ ಆಗಿದ್ದರೆ ಈ ಓಡಾಟಕ್ಕೆ ಪ್ರತಿನಿಧಿಗೆ ಹೆಚ್ಚಿಗೆ ಸಿಗುವುದು ಬರೀ 500 ರೂಪಾಯಿ: 8,800ರ ಬದಲು 9,300. ಕಮಿಷನ್ನನ್ನು ಉಳಿದ ಮಾರ್ಜಿನ್‌ನ ಶೇ 8 ಎಂದು ಬದಲಿಸಿದರೆ ಪೂರ್ತಿ ಬೆಲೆಗೆ ಮಾರಿದಾಗ ಸಿಗುವುದು ಮೊದಲಿನಂತೆ ಹತ್ತು ಸಾವಿರವೇ. ಆದರೆ ಮೊದಲ ಬೇಡಿಕೆಗೆ ಒಪ್ಪಿದ್ದರೆ ಸಿಗುತ್ತಿದ್ದದ್ದು ಸುಮಾರು 2,700, ಎರಡನೆಯದಕ್ಕೆ ಸಿಗುವುದು 6,240. ಸಹಿಯ ನಿಯಮ ಎಷ್ಟೇ ಬಿಗಿಯಾಗಿದ್ದರೂ ಈ ಬದಲಾವಣೆಯಿಲ್ಲದೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ನಿಜವಾದ ವೆಚ್ಚ ಹೊರಗೆ ಗೊತ್ತಾದೀತೆಂದು ಅಂಜುವ ಕಂಪನಿಗಳು ಮಾರ್ಜಿನ್ ತೋರಿಸದೆ, ಪ್ರತಿ ವ್ಯವಹಾರಕ್ಕೂ ಅಂಕ ಕೊಟ್ಟು ಅದರ ಮೇಲೆ ಕಮಿಷನ್ ಲೆಕ್ಕ ಹಾಕಬಹುದು.

ನಿಯಮ ಕೆಡುತ್ತಿರುವುದನ್ನು ದಾಖಲೆಗಳೇ ಹೇಳುತ್ತವೆ. ಮೂರು ತಿಂಗಳ ವ್ಯವಹಾರಗಳನ್ನು ಉಳಿದ ಮಾರ್ಜಿನ್ ಪ್ರಕಾರ ಸಾಲಾಗಿ ಜೋಡಿಸಿದಾಗ ಒಂದು ಲಕ್ಷದ ಗೆರೆಗೆ ಸ್ವಲ್ಪವೇ ಮೇಲೆ ದೊಡ್ಡ ಗುಂಪು ಕಂಡರೆ, ಪ್ರತಿನಿಧಿಗಳು ತಮ್ಮ ಮಿತಿಯನ್ನೇ ಆರಂಭದ ಬೆಲೆಯಾಗಿ ಹೇಳುತ್ತಿದ್ದಾರೆ ಎಂದರ್ಥ. ಬಿಲ್ ಆದ ಮೇಲೆ ಕ್ರೆಡಿಟ್ ನೋಟ್‌ಗಳು ಹೆಚ್ಚಾದರೆ, ಮುಂಬಾಗಿಲಲ್ಲಿ ತಡೆದ ರಿಯಾಯಿತಿ ಹಿಂಬಾಗಿಲಿನಿಂದ ಹೋಗುತ್ತಿದೆ; ಆ ನೋಟ್‌ಗೂ ಅದೇ ಸಹಿ ಬೇಕು. ಬಂದ ಕೋರಿಕೆಗಳಿಗೆಲ್ಲ ಹೂಂ ಅನ್ನುವ ಮ್ಯಾನೇಜರ್ ಇದ್ದರೆ ಅವರ ಟಾರ್ಗೆಟ್ ಬರೀ ಮಾರಾಟದ ಮೊತ್ತದ ಮೇಲಿದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ವಿಳಂಬ ಇನ್ನೊಂದು ಅಪಾಯ. ಎರಡು ದಿನ ಉತ್ತರ ಬಾರದಿದ್ದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಆಮೇಲೆ ಪ್ರತಿನಿಧಿಗಳು ಬಾಯಿಮಾತಿನಲ್ಲಿ ಬೆಲೆ ಕೊಟ್ಟು, ಕೊನೆಗೆ ‘ಮಾತು ಕೊಟ್ಟಾಗಿದೆ’ ಎಂದು ಸಹಿ ಕೇಳಲು ಬರುತ್ತಾರೆ. ಅದೇ ದಿನ ಉತ್ತರ, ಅಧಿಕಾರಿ ರಜೆಯಲ್ಲಿದ್ದರೆ ಬದಲಿ ಯಾರು ಎಂಬುದು ನಿಯಮದಲ್ಲೇ ಇರಬೇಕು. ಮಂಜೂರಾದ ಬೆಲೆಗೂ ಹದಿನೈದು ದಿನವೋ ಮೂವತ್ತು ದಿನವೋ ಅವಧಿ ಬೇಕು. ಇಲ್ಲದಿದ್ದರೆ ಮಾರ್ಚ್ ಕೊನೆಯ ವಾರದಲ್ಲಿ ಕೊಟ್ಟ ವಿಶೇಷ ದರವನ್ನೇ ಗಿರಾಕಿ ಜುಲೈನಲ್ಲಿ ಮುಂದಿಟ್ಟು ಮಾತು ಶುರುಮಾಡುತ್ತಾರೆ.

ಎಂ.ಡಿ. ಮೇಜಿಗೆ ಬರುವ ಕೋರಿಕೆಗಳೇ ಹೆಚ್ಚಾದಾಗ ತಪ್ಪು ಪ್ರತಿನಿಧಿಗಳದ್ದೇ ಆಗಿರಬೇಕೆಂದಿಲ್ಲ. ಸ್ಪರ್ಧಿಗಳ ಲಿಖಿತ ಕೊಟೇಶನ್‌ಗಳು ಮತ್ತೆ ಮತ್ತೆ 4.5 ಲಕ್ಷದ ಆಸುಪಾಸಿನಲ್ಲೇ ಇದ್ದರೆ 5 ಲಕ್ಷದ ಪಟ್ಟಿ ಬೆಲೆಯೇ ಮಾರುಕಟ್ಟೆಗೆ ಹೊಂದುತ್ತಿಲ್ಲ. ಆಗ ತಿದ್ದಬೇಕಾದದ್ದು ಬೆಲೆಪಟ್ಟಿಯನ್ನು. ಅದರ ಜೊತೆಗೆ ಅಧಿಕಾರದ ಗೆರೆಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.