ಎಡಗಡೆ ಪ್ರಶ್ನೆ, ಬಲಗಡೆ ಪಾಠ

ಸಮಾಜಶಾಸ್ತ್ರದ ತರಗತಿಯಲ್ಲಿ ನೋಟ್ಸ್ ಬರೆಯುವವರ ಕಷ್ಟವೇ ಬೇರೆ. ಅಲ್ಲಿ ಸೂತ್ರಗಳಿಲ್ಲ. ಒಂದು ಪರಿಕಲ್ಪನೆ, ಅದಕ್ಕೊಂದು ಊರಿನ ಉದಾಹರಣೆ, ಅದರ ಮೇಲೊಂದು ಆಕ್ಷೇಪ ಎಲ್ಲವೂ ಮಾತಿನ ಓಘದಲ್ಲಿ ಬೆರೆತು ಬರುತ್ತವೆ. ಇಂಥ ಪಾಠಕ್ಕೆ ಚೆನ್ನಾಗಿ ಒಗ್ಗುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ ಎರಡು ಅಂಕಣದ ಪದ್ಧತಿ. ವಿದ್ಯಾರ್ಥಿಗಳಿಗಾಗಿ ಅವರು ಬರೆದ ಪುಸ್ತಕ 1962ರಲ್ಲಿ ಬಂತು.

ಎ4 ಹಾಳೆಯಾದರೆ ಎಡಗಡೆ ಸುಮಾರು 6 ಸೆಂ.ಮೀ. ಬಿಟ್ಟು ಉದ್ದಕ್ಕೆ ಒಂದು ಗೆರೆ, ಕೆಳಗೆ 5 ಸೆಂ.ಮೀ. ಬಿಟ್ಟು ಅಡ್ಡಲಾಗಿ ಇನ್ನೊಂದು. ನೋಟ್‌ಬುಕ್ಕಿನಲ್ಲಿ ಅಚ್ಚಾಗಿರುವ ಮಾರ್ಜಿನ್ ಇದಕ್ಕೆ ಸಾಲದು.

ಪಾಠ ನಡೆಯುವಾಗ ಬಲಗಡೆಯ ಅಂಕಣ ಮಾತ್ರ ತುಂಬಬೇಕು. ಎಂ.ಎನ್. ಶ್ರೀನಿವಾಸ್ ಅವರ ‘ಪ್ರಬಲ ಜಾತಿ’ಯ ಪಾಠವನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳ ಬಲ ಅಂಕಣ ಹೀಗಿರಬಹುದು: ‘ರಾಂಪುರ, ಮೈಸೂರು ಸೀಮೆ, ಕ್ಷೇತ್ರಕಾರ್ಯ 1948. ಪ್ರಬಲ: ಒಕ್ಕಲಿಗರು. ಲಕ್ಷಣ: ಜನಸಂಖ್ಯೆ, ಜಮೀನು, ರಾಜಕೀಯ ಬಲ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಿಲ್ಲ. ಬ್ರಾಹ್ಮಣರು ಶ್ರೇಣಿಯಲ್ಲಿ ಮೇಲೆ, ಆದರೆ ಪ್ರಬಲರಲ್ಲ.’ ಪೂರ್ತಿ ವಾಕ್ಯಗಳ ಗೊಡವೆ ಬೇಡ. ಒಂದು ವಿಷಯ ಮುಗಿದಾಗ ಎರಡು ಸಾಲು ಖಾಲಿ ಬಿಟ್ಟರೆ ಸಾಕು. ಮೇಷ್ಟ್ರು ಆಮೇಲೆ ನೆನಪಾಗಿ ಹೇಳಿದ್ದು ಅಲ್ಲಿಗೆ ಸೇರುತ್ತದೆ.

ಎಡ ಅಂಕಣದ ಸರದಿ ಅದೇ ದಿನ ಸಂಜೆ. ಎಡವುವುದೂ ಇಲ್ಲೇ. ಬಹಳ ಮಂದಿ ‘ಲಕ್ಷಣಗಳು’, ‘ರಾಂಪುರ’ ಎಂದು ತಲೆಬರಹ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಪರಿವಿಡಿಯಾಯಿತೇ ಹೊರತು ಸುಳಿವಾಗಲಿಲ್ಲ. ಆ ವಿದ್ಯಾರ್ಥಿನಿ ‘ಶ್ರೇಣಿಯಲ್ಲಿ ಮೇಲಿದ್ದವರು ಊರಿನಲ್ಲಿ ಪ್ರಬಲರಾಗಲಿಲ್ಲವೇಕೆ?’ ಎಂದು ಬರೆದರೆ ಬಲಗಡೆಯ ನಾಲ್ಕೈದು ಸಾಲುಗಳನ್ನು ಅವಳೇ ಜೋಡಿಸಿ ಉತ್ತರ ಹೇಳಬೇಕಾಗುತ್ತದೆ. ಬಲಭಾಗವನ್ನು ಒಂದು ಹಾಳೆಯಿಂದ ಮುಚ್ಚಿ, ಪ್ರಶ್ನೆ ನೋಡಿ, ಗಟ್ಟಿಯಾಗಿ ಉತ್ತರ ಹೇಳುವುದೇ ಪರೀಕ್ಷೆ. ಒಂದೇ ಪದದಲ್ಲಿ ಉತ್ತರ ಮುಗಿದರೆ ಪ್ರಶ್ನೆ ಸಪ್ಪೆ. ಮುಚ್ಚಿದ್ದನ್ನು ತೆರೆದು ನೋಡಿದರೂ ಉತ್ತರ ಸಿಗದಿದ್ದರೆ ನೋಟ್ಸಿನಲ್ಲೇ ತೂತಿದೆ. ಮರುದಿನ ಮೇಷ್ಟ್ರನ್ನೋ ಗೆಳತಿಯನ್ನೋ ಕೇಳಿ ತುಂಬಿಸಿಕೊಳ್ಳಬೇಕು.

ಕೆಳಗಿನ ಚೌಕ ಕೊನೆಗೆ. ಬಲಗಡೆಯದನ್ನು ನೋಡದೆ ಎರಡು-ಮೂರು ವಾಕ್ಯ: ‘ಊರಿನಲ್ಲಿ ಒಂದು ಜಾತಿಯ ಹಿಡಿತ ಶ್ರೇಣಿಯಿಂದಷ್ಟೇ ಬರುವುದಿಲ್ಲ. ಸಂಖ್ಯೆ, ಜಮೀನು, ರಾಜಕೀಯ ಬಲ ಕೂಡಿದಾಗ ಅದು ಪ್ರಬಲವಾಗುತ್ತದೆ. ರಾಂಪುರದ ಒಕ್ಕಲಿಗರು ಇದಕ್ಕೆ ನಿದರ್ಶನ.’ ಇಲ್ಲಿ ಪೂರ್ತಿ ವಾಕ್ಯವೇ ಬೇಕು, ಏಕೆಂದರೆ ಕಾರಣ ಮತ್ತು ಪರಿಣಾಮದ ಕೊಂಡಿ ಬಿಡಿ ಪದಗಳಲ್ಲಿ ನಿಲ್ಲುವುದಿಲ್ಲ.

ಬಂಧುತ್ವದ ನಕ್ಷೆಗಳಿರುವ ಪಾಠಕ್ಕೆ ಮಾತ್ರ ಈ ಅಂಕಣ ಇಕ್ಕಟ್ಟು. ಅವನ್ನು ಎದುರು ಪುಟದಲ್ಲಿ ಬರೆದುಕೊಂಡು, ಎಡ ಅಂಕಣದಲ್ಲಿ ಅವುಗಳ ಬಗ್ಗೆ ಪ್ರಶ್ನೆಯನ್ನಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು.