ವರ್ಷ ತುಂಬುವ ಮುನ್ನ ನಷ್ಟ, ತುಂಬಿದ ಮೇಲೆ ಲಾಭ

ಮಾರ್ಚ್ ಬಂತೆಂದರೆ ಗಜೇಂದ್ರಗಡದ ಸೀರೆ ಅಂಗಡಿಯವರು ಷೇರಿನ ಖಾತೆಯನ್ನೂ ತೆರೆದು ಕೂರುತ್ತಾರೆ. ಆಗ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹನ್ನೆರಡು ಲಕ್ಷದ ತನಕ ತೆರಿಗಿ ಇಲ್ಲಲ್ಲರೀ, ಮತ್ತ ಷೇರಿನ ಲಾಭಕ್ಕ ಯಾಕ ಕಟ್ಟಬೇಕು?" ಕಟ್ಟಬೇಕು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಿಗುವ ರಿಯಾಯಿತಿ ಅಂಗಡಿಯ ಆದಾಯ, ಸಂಬಳ, ಬಡ್ಡಿ ಇಂಥವುಗಳ ತೆರಿಗೆಗೆ ಮಾತ್ರ. ಷೇರು ಮಾರಿದ ಲಾಭಕ್ಕೆ ಪ್ರತ್ಯೇಕ ದರವಿದೆ, ಆ ತೆರಿಗೆಗೆ ಈ ರಿಯಾಯಿತಿ ಸಿಗುವುದಿಲ್ಲ.

2024ರ ಜುಲೈ 23ರಿಂದ ಜಾರಿಯಲ್ಲಿರುವ ದರ ಹೀಗಿದೆ. ಷೇರುಪೇಟೆಯಲ್ಲಿ ಕೊಂಡ ಷೇರನ್ನು 12 ತಿಂಗಳು ಮೀರುವ ಮೊದಲೇ ಮಾರಿದರೆ ಲಾಭ ಅಲ್ಪಾವಧಿಯದು, ಅದಕ್ಕೆ ಶೇ. 20. 12 ತಿಂಗಳು ಮೀರಿದ ಮೇಲೆ ಮಾರಿದರೆ ದೀರ್ಘಾವಧಿಯದು. ಅದರಲ್ಲಿ ಒಂದು ಆರ್ಥಿಕ ವರ್ಷಕ್ಕೆ ಮೊದಲ 1.25 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ, ಅದರಾಚೆಗೆ ಶೇ. 12.5. ಎರಡರ ಮೇಲೂ ಶೇ. 4 ಸೆಸ್ ಬೀಳುವುದರಿಂದ ಕೈಯಿಂದ ಹೋಗುವುದು ಶೇ. 20.8 ಅಥವಾ ಶೇ. 13. ದಿನ ಎಣಿಸುವಾಗ ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟಿನ ತಾರೀಖನ್ನು ಹಿಡಿಯಬೇಕು. ಷೇರು ಡಿಮ್ಯಾಟ್ ಖಾತೆಗೆ ಬಂದ ದಿನವನ್ನಲ್ಲ.

ಒಬ್ಬ ಅಂಗಡಿಕಾರರನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ಅಂಗಡಿಯಿಂದ ವರ್ಷಕ್ಕೆ 10 ಲಕ್ಷ ಆದಾಯ. ಊರ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿ, ಅಂಥ ಯಂತ್ರ ಮಾಡುವ ಒಂದು ಕಂಪನಿಯ ಷೇರನ್ನು 2025ರ ಏಪ್ರಿಲ್ 9ರಂದು 1.5 ಲಕ್ಷಕ್ಕೆ ಕೊಂಡಿದ್ದಾರೆ. 2026ರ ಮಾರ್ಚ್ 20ಕ್ಕೆ ಅದರ ಬೆಲೆ 2.5 ಲಕ್ಷ. ಅಂದೇ ಮಾರಿದರೆ ಒಂದು ಲಕ್ಷ ಲಾಭಕ್ಕೆ 20,800 ರೂಪಾಯಿ ತೆರಿಗೆ ಹೋಗಿ ಕೈಗೆ 2,29,200 ಬರುತ್ತದೆ. ಏಪ್ರಿಲ್ 10ರವರೆಗೆ ತಡೆದರೆ ಅದೇ ಲಾಭ ದೀರ್ಘಾವಧಿಯದಾಗುತ್ತದೆ, ಜೊತೆಗೆ ಹೊಸ ಆರ್ಥಿಕ ವರ್ಷದ 1.25 ಲಕ್ಷದೊಳಗೆ ಬೀಳುತ್ತದೆ. ದರ ಹಾಗೆಯೇ ಇದ್ದು, ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ತೆರಿಗೆ ಸೊನ್ನೆ.

ಇಷ್ಟು ಕೇಳಿದೊಡನೆ "ಹಂಗಾದ್ರ ಕಾಯೂಣು" ಎನ್ನುವವರೇ ಹೆಚ್ಚು. ಆದರೆ ಕಾಯುವ ಮೂರು ವಾರದಲ್ಲಿ ಬೆಲೆ ಇಳಿದರೆ? ನರಗುಂದದ ರೈತ ಕಡಲೆ ಚೀಲವನ್ನು ದರ ಬರಲಿ ಎಂದು ಮನೆಯಲ್ಲಿ ಇಟ್ಟುಕೊಂಡಾಗ ಇರುವ ಅಪಾಯವೇ ಇಲ್ಲೂ ಇದೆ. ಅದಕ್ಕೆ ಎಷ್ಟು ಇಳಿಕೆಯವರೆಗೆ ಕಾದರೆ ನಷ್ಟವಿಲ್ಲ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಇಲ್ಲಿ ಕಾದಮೇಲೆ ತೆರಿಗೆಯಿಲ್ಲ, ಆದ್ದರಿಂದ ಷೇರಿನ ಬೆಲೆ 2,29,200ಕ್ಕಿಂತ ಮೇಲಿದ್ದರೆ ಸಾಕು. ಅಂದರೆ ಸುಮಾರು ಶೇ. 8ರಷ್ಟು ಇಳಿಕೆಯನ್ನು ತಡೆದುಕೊಳ್ಳಬಹುದು. ಆ 1.25 ಲಕ್ಷದ ವಿನಾಯಿತಿ ಬೇರೆ ಷೇರುಗಳಿಗೇ ಮುಗಿದುಹೋಗುವಂತಿದ್ದರೆ ಕಾದಮೇಲೂ ಶೇ. 13 ಕಟ್ಟಬೇಕು. ಆಗ ಬೆಲೆ ಸುಮಾರು 2.41 ಲಕ್ಷಕ್ಕಿಂತ ಕೆಳಗಿಳಿದರೆ ಕಾದದ್ದು ದಂಡ. ಅದು ಶೇ. 3.6ರ ಇಳಿಕೆ ಮಾತ್ರ, ಇಂಥ ಷೇರುಗಳು ಅಷ್ಟನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುವುದುಂಟು. ನನ್ನ ಮಟ್ಟಿಗೆ ಮೊದಲನೆಯ ಸ್ಥಿತಿಯಲ್ಲಿ ಕಾಯುವುದು ಸರಿ. ಎರಡನೆಯದರಲ್ಲಿ, ಕಂಪನಿಯ ಮೇಲಿನ ನಂಬಿಕೆಯೇ ಹೋಗಿದ್ದರೆ, ತೆರಿಗೆಗೆಂದು ಕೂರಬಾರದು.

ಲಾಭಕ್ಕೆ ಕಾಯುವುದು ಬಹುತೇಕರಿಗೆ ಗೊತ್ತು. ನಷ್ಟದ ವಿಷಯದಲ್ಲಿ ಗಡಿಯಾರ ಉಲ್ಟಾ ಓಡುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭಕ್ಕೂ ದೀರ್ಘಾವಧಿ ಲಾಭಕ್ಕೂ ವಜಾ ಮಾಡಿಕೊಳ್ಳಬಹುದು. ದೀರ್ಘಾವಧಿ ನಷ್ಟ ದೀರ್ಘಾವಧಿ ಲಾಭಕ್ಕೆ ಮಾತ್ರ ವಜಾ ಆಗುತ್ತದೆ. ನಷ್ಟದ ಷೇರು 12 ತಿಂಗಳು ದಾಟಿತೆಂದರೆ ಶೇ. 20ರ ತೆರಿಗೆಯನ್ನು ತಗ್ಗಿಸುವ ಶಕ್ತಿಯನ್ನು ಅದು ಕಳೆದುಕೊಂಡಿತು.

ಅದೇ ಅಂಗಡಿಕಾರರು ಡಿಸೆಂಬರಿನಲ್ಲಿ ಬೇರೊಂದು ಷೇರು ಮಾರಿ 90,000 ಅಲ್ಪಾವಧಿ ಲಾಭ ಪಡೆದಿದ್ದಾರೆ, ಅದರ ತೆರಿಗೆ 18,720. ಇನ್ನೊಂದು ಕಡೆ 2025ರ ಮಾರ್ಚ್ 25ರಂದು ಎರಡು ಲಕ್ಷಕ್ಕೆ ಕೊಂಡ ಷೇರು 1.4 ಲಕ್ಷಕ್ಕೆ ಇಳಿದು ಕೂತಿದೆ. ಅದನ್ನು 2026ರ ಮಾರ್ಚ್ 20ಕ್ಕೆ ಮಾರಿದರೆ 60,000 ಅಲ್ಪಾವಧಿ ನಷ್ಟ. ತೆರಿಗೆ ಬೀಳುವ ಲಾಭ 30,000ಕ್ಕೆ ಇಳಿದು, ಕಟ್ಟಬೇಕಾದದ್ದು 6,240 ಮಾತ್ರ. ಉಳಿತಾಯ 12,480. ಹತ್ತು ದಿನ ಬಿಟ್ಟು ತಿಂಗಳ ಕೊನೆಗೆ ಮಾರಿದರೆ ಅದೇ 60,000 ದೀರ್ಘಾವಧಿ ನಷ್ಟವಾಗಿ, ಡಿಸೆಂಬರಿನ ತೆರಿಗೆಯಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಇನ್ನೊಂದು ಗುಂಡಿಯೂ ಇದೆ. ಆ ವರ್ಷದ ನಷ್ಟವನ್ನು ಮೊದಲು ವಜಾ ಮಾಡಿ, ಉಳಿದ ಲಾಭಕ್ಕೆ ಆಮೇಲೆ 1.25 ಲಕ್ಷದ ವಿನಾಯಿತಿ ಕೊಡುವುದು ಕ್ರಮ. ಒಬ್ಬರಿಗೆ ವರ್ಷವಿಡೀ ಒಂದು ಲಕ್ಷ ದೀರ್ಘಾವಧಿ ಲಾಭ ಮಾತ್ರ ಇದೆ ಎನ್ನಿ. ಅದಕ್ಕೆ ಹೇಗೂ ತೆರಿಗೆಯಿಲ್ಲ. "ಮಾರ್ಚ್ ಬಂತು, ನಷ್ಟ ಬುಕ್ ಮಾಡೂಣು" ಎಂದು 60,000 ನಷ್ಟ ತೋರಿಸಿದರೆ, ತೆರಿಗೆಯೇ ಇಲ್ಲದ ಲಾಭವನ್ನು ಆ ನಷ್ಟ ತಿಂದುಹಾಕುತ್ತದೆ, ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಅಂಥ ವರ್ಷದಲ್ಲಿ, ಷೇರು ಈಗಾಗಲೇ ವರ್ಷ ದಾಟಿದ್ದರೆ, ತೆರಿಗೆ ಲೆಕ್ಕಕ್ಕೆಂದೇ ಅದನ್ನು ಮಾರುವುದರಲ್ಲಿ ಅರ್ಥವಿಲ್ಲ.

ನಷ್ಟಕ್ಕೆ ಮಾರಿದ ಷೇರನ್ನು ಮತ್ತೆ ಕೊಳ್ಳಬಹುದೇ? ಅಮೆರಿಕದಲ್ಲಿರುವಂಥ 30 ದಿನದ ನಿರ್ಬಂಧ ನಮ್ಮಲ್ಲಿಲ್ಲ. ಆದರೆ ಅದೇ ಖಾತೆಯಲ್ಲಿ ಅದೇ ದಿನ ಮಾರಿ ಕೊಂಡರೆ ಅದು ಇಂಟ್ರಾಡೇ ಎನಿಸಿಕೊಳ್ಳುತ್ತದೆ. ಹಳೆಯ ಷೇರು ಖಾತೆಯಿಂದ ಹೊರಗೇ ಹೋಗಿರುವುದಿಲ್ಲ, ನಷ್ಟವೂ ದಾಖಲಾಗುವುದಿಲ್ಲ. ಒಂದು ದಿನವಾದರೂ ಬಿಟ್ಟು ಕೊಳ್ಳಬೇಕು, ಕೊಂಡ ದಿನದಿಂದ ಹೊಸ 12 ತಿಂಗಳು ಶುರು. ಬೋನಸ್ ಷೇರು ಕೊಡುವ ಕಂಪನಿಯಾದರೆ ಎಚ್ಚರ ಬೇಕು. ರೆಕಾರ್ಡ್ ದಿನಕ್ಕೆ ಮುಂಚಿನ ಮೂರು ತಿಂಗಳೊಳಗೆ ಕೊಂಡು, ಬೋನಸ್ ಇಟ್ಟುಕೊಂಡು, ಮೂಲ ಷೇರನ್ನು ಒಂಬತ್ತು ತಿಂಗಳೊಳಗೆ ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ಇಲಾಖೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂಗಾಮಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಳ್ಳುವವರು ಮುಗ್ಗರಿಸುವುದು ಬೇರೆ ಕಡೆ. ಉಳ್ಳಾಗಡ್ಡಿ ಮಾರಿದಾಗ ಐವತ್ತು ಷೇರು, ಹೆಸರು ಮಾರಿದಾಗ ಐವತ್ತು ಹೀಗೆ ಕೂಡಿಸಿದ್ದರೆ, ಒಂದು ಡಿಮ್ಯಾಟ್ ಖಾತೆಯಿಂದ ಮಾರುವಾಗ ಮೊದಲು ಕೊಂಡದ್ದೇ ಮೊದಲು ಹೋಯಿತೆಂದು ಲೆಕ್ಕ. ದುಬಾರಿಯಾಗಿ ಕೊಂಡ ಈಚಿನ ಐವತ್ತನ್ನು ಮಾರಿ ನಷ್ಟ ತೋರಿಸುತ್ತೇನೆ ಎಂದರೆ ನಡೆಯದು. ಹಳೆಯ, ಅಗ್ಗದ ಷೇರು ಮಾರಾಟವಾಗಿ ಲಾಭವೇ ದಾಖಲಾದೀತು. ಮಾರುವ ಮೊದಲು ಬ್ರೋಕರ್ ಆ್ಯಪಿನಲ್ಲಿ ಖರೀದಿ ತಾರೀಖುವಾರು ಪಟ್ಟಿ ನೋಡಿದರೆ ಇದು ತಿಳಿಯುತ್ತದೆ.

ರೋಣ ತಾಲ್ಲೂಕಿನ ರೈತನೊಬ್ಬನಿಗೆ ಹೊಲದ ಆದಾಯ ಬಿಟ್ಟು ಬೇರೆ ಗಳಿಕೆಯಿಲ್ಲದಿದ್ದರೆ ಮೇಲಿನ ಬಹುಪಾಲು ಲೆಕ್ಕ ಅವನಿಗೆ ಬೇಕಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ. ಹೊಸ ಪದ್ಧತಿಯ ನಾಲ್ಕು ಲಕ್ಷದ ಮೂಲ ಮಿತಿ ಬಳಕೆಯಾಗದೆ ಉಳಿದಿರುತ್ತದೆ, ಭಾರತದ ನಿವಾಸಿಗಳು ಅದನ್ನು ಷೇರಿನ ಲಾಭಕ್ಕೂ ಹೊಂದಿಸಿಕೊಳ್ಳಬಹುದು. ಅವನಿಗೆ ಒಂದು ಲಕ್ಷದ ಅಲ್ಪಾವಧಿ ಲಾಭ ಬಂದರೂ ತೆರಿಗೆಯಿಲ್ಲ. ಏಪ್ರಿಲ್‌ವರೆಗೆ ಕಾಯುವುದರಿಂದ ತೆರಿಗೆಯಲ್ಲಿ ಏನೂ ಉಳಿಯುವುದಿಲ್ಲ, ಬೆಲೆಯ ಅಪಾಯ ಮಾತ್ರ ತಲೆಯ ಮೇಲೆ. ಗಜೇಂದ್ರಗಡದ ಅಂಗಡಿಕಾರರು ಕಾಯುತ್ತಿದ್ದಾರೆಂದು ಇವನೂ ಕಾಯಬೇಕಾಗಿಲ್ಲ.

ವಜಾ ಆಗದೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಕೆಯಾಗಿರಬೇಕು. ಅಂಗಡಿಯ ಅಂದಾಜು ಆದಾಯಕ್ಕೆ ಪ್ರತಿವರ್ಷ ಐಟಿಆರ್-4 ತುಂಬುವವರು ಅಲ್ಪಾವಧಿ ಲಾಭ ಬಂದ ವರ್ಷ ಅಥವಾ ನಷ್ಟ ಒಯ್ಯಬೇಕಾದ ವರ್ಷ ಐಟಿಆರ್-3ಕ್ಕೆ ಹೋಗಬೇಕು. ವ್ಯಾಪಾರವಿಲ್ಲದ ಸಂಬಳದಾರರಿಗೆ ಐಟಿಆರ್-2 ಸಾಕು.